‘ಆಗಲ್ಲ’ ಎನ್ನಲು ಬರುವ ಭಾಷೆ

ಹೊಸಪೇಟೆಯಲ್ಲಿ ನಾನು ಬಿ.ಕಾಂ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ನನ್ನ ಪಾಲಿಗೆ ಬರುವ ಕೆಲಸಗಳಲ್ಲಿ ಒಂದು, ಸುತ್ತಮುತ್ತಲಿನ ವ್ಯಾಪಾರಸ್ಥರಿಗೆ ಪತ್ರ ಬರೆಯುವುದು. ಹೊಸಪೇಟೆಯ ಹಾರ್ಡ್‌ವೇರ್ ಅಂಗಡಿ, ಹಂಪಿಯ ಹೋಂಸ್ಟೇ, ಸಂಡೂರಿನ ಲಾರಿ ಮಾಲೀಕರು, ಕಂಪ್ಲಿಯ ಅಕ್ಕಿ ಗಿರಣಿ, ಹೀಗೆ ಮೂವತ್ತು ನಲವತ್ತು ಪತ್ರ. ಎಲ್ಲರನ್ನೂ ಕೇಳುವುದು ಒಂದೇ ಮಾತು: ನಮ್ಮ ಇಬ್ಬರು ವಿದ್ಯಾರ್ಥಿಗಳು ನಾಲ್ಕು ವಾರ ನಿಮ್ಮಲ್ಲಿ ಲೆಕ್ಕಪತ್ರದ ಕೆಲಸ ಕಲಿಯಬಹುದೇ? ಕೇಳುವ ಮಾತು ಇಷ್ಟು ಚಿಕ್ಕದಾದರೂ ಕಾಗದದ ಮುಂದೆ ಕೂತಾಗ ಪ್ರತಿ ವರ್ಷ ಅದೇ ಪ್ರಶ್ನೆ ಎದುರಾಗುತ್ತದೆ. ಕನ್ನಡದಲ್ಲೋ, ಇಂಗ್ಲಿಷಿನಲ್ಲೋ? ಕನ್ನಡವಾದರೆ ಯಾವ ಕನ್ನಡ?

ಸ್ಟಾಫ್ ರೂಮಿನಲ್ಲಿ ಇದಕ್ಕೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಇಂಗ್ಲಿಷಿನಲ್ಲೇ ಬರೆಯಿರಿ, ಆಗ ಕಾಲೇಜಿಗೊಂದು ತೂಕ ಬರುತ್ತದೆ, ಅವರ ಜಿಎಸ್‌ಟಿ, ಬ್ಯಾಂಕು ಎಲ್ಲ ಇಂಗ್ಲಿಷಿನಲ್ಲೇ ತಾನೆ ನಡೆಯುವುದು ಎನ್ನುತ್ತಾರೆ ಒಬ್ಬರು. ವಿಜಯನಗರದ ನೆಲದಲ್ಲಿ ಕೂತು ಇಂಗ್ಲಿಷ್ ಪತ್ರವೇ, ಕನ್ನಡದಲ್ಲೇ ಬರೆಯಿರಿ ಎನ್ನುತ್ತಾರೆ ಇನ್ನೊಬ್ಬರು. ಎರಡೂ ಮಾತು ಬೇರೆ ಬೇರೆ ದಿಕ್ಕಿನವು ಅನ್ನಿಸಿದರೂ ಒಂದು ವಿಷಯದಲ್ಲಿ ಒಂದೇ. ಎರಡೂ ಬರೆಯುವವರ ಬಗ್ಗೆ ಇವೆ. ಬರೆಯುವವರ ತೂಕ, ಬರೆಯುವವರ ಅಭಿಮಾನ. ಪತ್ರ ಕೈಗೆ ಬಂದ ಮೇಲೆ ಆ ಮನುಷ್ಯ ಅದನ್ನು ಏನು ಮಾಡಬೇಕಾಗುತ್ತದೆ ಎನ್ನುವುದು ಎರಡರಲ್ಲೂ ಇಲ್ಲ. ನನಗೆ ನೈತಿಕ ಪ್ರಶ್ನೆ ಶುರುವಾಗುವುದು ಅಲ್ಲಿಂದ.

ಮೊದಲು ಊರುಗಳನ್ನು ನೋಡೋಣ. ಹೊಸಪೇಟೆ ಮತ್ತು ಹಂಪಿ ಈಗ ವಿಜಯನಗರ ಜಿಲ್ಲೆಯಲ್ಲಿವೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ. 2021ರವರೆಗೆ ನಾಲ್ಕೂ ಒಂದೇ ಜಿಲ್ಲೆ. ಅದಕ್ಕೂ ಹಿಂದೆ, 1953ರ ಅಕ್ಟೋಬರ್ 1ರವರೆಗೆ, ಇದೆಲ್ಲ ಮದರಾಸು ರಾಜ್ಯದ ಭಾಗ. ಆ ದಿನ ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಉಳಿದದ್ದು ಮೈಸೂರಿಗೆ ಸೇರಿತು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು 1949ರಲ್ಲಿ ಮದರಾಸಿನೊಳಕ್ಕೆ ಬಂದಿತ್ತು. ಹಾಗಾಗಿ ಇಲ್ಲಿನ ಅಂಗಡಿಗಳಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ಮರಾಠಿ, ಮಾರವಾಡಿ, ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ವ್ಯಾಪಾರದ ಮಾತು ಮಾತ್ರ ಬಹುಪಾಲು ಕನ್ನಡವೇ. ರಾಜಸ್ಥಾನ ಮೂಲದ ಹಾರ್ಡ್‌ವೇರ್ ಅಂಗಡಿಯವರು ಗಿರಾಕಿಯ ಜೊತೆ ಮಾತಾಡುವ ಕನ್ನಡ ಕೇಳಿದರೆ ಅವರು ಇಲ್ಲಿಯವರಲ್ಲ ಎನ್ನಲು ಆಗುವುದಿಲ್ಲ.

ಆದರೆ ಮಾತಾಡುವ ಭಾಷೆ ಬೇರೆ, ಓದುವ ಲಿಪಿ ಬೇರೆ. ಪತ್ರ ಬರೆಯುವವರು ಮೊದಲು ಗಮನಿಸಬೇಕಾದದ್ದು ಇದು. ಮೇಲೆ ಹೇಳಿದ ಅಂಗಡಿಯವರು ಕನ್ನಡವನ್ನು ನೀರು ಕುಡಿದಂತೆ ಮಾತಾಡುತ್ತಾರೆ, ಓದುವುದು ಹಿಂದಿ. ಕಂಪ್ಲಿಯ ಆಸುಪಾಸಿನಲ್ಲಿ, ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ಕುಟುಂಬಗಳಿವೆ. ಅವರಿದ್ದ ಹಳ್ಳಿಗಳಿಗೆ ಇವತ್ತಿಗೂ ಕ್ಯಾಂಪ್ ಎನ್ನುವ ಹೆಸರು. ಅಂಥ ಮನೆಯ ಹಿರಿಯರು ಓದುವುದು ತೆಲುಗು ಪತ್ರಿಕೆ, ಅವರ ಮೊಮ್ಮಕ್ಕಳು ಓದುವುದು ಇಂಗ್ಲಿಷ್ ಅಥವಾ ಕನ್ನಡ. ಉರ್ದು ಶಾಲೆಯಲ್ಲಿ ಕಲಿತ ಗ್ಯಾರೇಜಿನವರು ಕನ್ನಡ ಬೋರ್ಡು ಓದಬಲ್ಲರು, ಒಂದು ಪುಟ ಓದಲು ಹೊತ್ತು ಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಕೆಲಸ ಮಾಡುವ ಹೆಣ್ಣುಮಕ್ಕಳ ಮನೆಮಾತಿಗೆ ತನ್ನದೇ ಲಿಪಿಯಿಲ್ಲ, ಶಾಲೆಗೆ ಹೋದವರಿಗೆ ಓದಲು ಬರುವುದು ಕನ್ನಡ. ಅಂದರೆ ಅವರಿಗೂ ಕನ್ನಡ ತಾಯಿನುಡಿಯಲ್ಲ, ಓದಿನ ನುಡಿ. ಹೀಗಿರುವಾಗ ಹೆಸರನ್ನೋ ಜಾತಿಯನ್ನೋ ಅಂಗಡಿಯ ಬೋರ್ಡನ್ನೋ ನೋಡಿ ಇವರಿಗೆ ಈ ಭಾಷೆ ಎಂದು ತೀರ್ಮಾನಿಸುವುದು ಊಹೆಯಷ್ಟೇ.

ಹಾಗಾದರೆ ಗೊತ್ತಿಲ್ಲದವರಿಗೆ ಮೊದಲ ಪತ್ರ ಯಾವುದರಲ್ಲಿ? ನಾನು ಕನ್ನಡ ಎನ್ನುತ್ತೇನೆ. ಅದಕ್ಕೆ ಕಾರಣ ಅಭಿಮಾನ ಅಲ್ಲ, ಅಥವಾ ಅದೊಂದೇ ಅಲ್ಲ. ತಪ್ಪು ಭಾಷೆ ಆರಿಸಿದಾಗ ಯಾರಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಬೇಕು. ಇಂಗ್ಲಿಷ್ ಚೆನ್ನಾಗಿ ಬಲ್ಲ ಹೋಟೆಲ್ ಮಾಲೀಕರೊಬ್ಬರಿಗೆ ನಾನು ಕನ್ನಡದಲ್ಲಿ ಬರೆದೆ ಎಂದುಕೊಳ್ಳಿ. ಅವರಿಗೆ ಕೊಂಚ ಕಿರಿಕಿರಿ ಆಗಬಹುದು. ‘ಸರ್, ಇಂಗ್ಲಿಷಲ್ಲಿ ಒಂದು ಮೇಲ್ ಹಾಕಿಬಿಡಿ’ ಎನ್ನುತ್ತಾರೆ. ಹಾಗೆನ್ನಲು ಅವರಿಗೆ ಯಾವ ಸಂಕೋಚವೂ ಇಲ್ಲ. ಕನ್ನಡ ಓದಲು ಬರುವುದಿಲ್ಲ ಎಂದು ಹೇಳಿಕೊಂಡರೆ ನಮ್ಮ ಸಮಾಜದಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ, ಅದು ಸರಿಯೋ ತಪ್ಪೋ ಬೇರೆ ಮಾತು. ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್ ಪತ್ರ ಹೋದರೆ ಕತೆ ಹಾಗಲ್ಲ. ಅವರು ‘ನನಗೆ ಓದಲು ಬರುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ನೋಡಿ ಹೇಳ್ತೀನ್ರಿ’ ಎನ್ನುತ್ತಾರೆ.

ಸಂಡೂರಿನಲ್ಲಿ ನನಗೆ ಪರಿಚಯದ ಲಾರಿ ಮಾಲೀಕರಿದ್ದಾರೆ. ಅವರಿಗೆ ಬೇರೊಂದು ಕಡೆಯಿಂದ ಇಂಥದೇ ಕೋರಿಕೆಯ ಪತ್ರ ಇಂಗ್ಲಿಷಿನಲ್ಲಿ ಬಂದಿತ್ತು. ಅವರ ಕೆಲಸದಲ್ಲಿ ಇಂಗ್ಲಿಷ್ ಕಾಗದ ಹೊಸದಲ್ಲ. ಅದಿರು ಸಾಗಿಸುವ ಪರ್ಮಿಟ್ಟು, ಇನ್ಶೂರೆನ್ಸು, ಫಿಟ್‌ನೆಸ್ ಸರ್ಟಿಫಿಕೇಟು ಎಲ್ಲ ಅವರ ಕೈಯಲ್ಲೇ ಓಡಾಡುತ್ತವೆ. ಆದರೆ ಆ ಕಾಗದಗಳನ್ನು ಅವರು ಓದುವುದಿಲ್ಲ, ಗುರುತಿಸುತ್ತಾರೆ. ಬಣ್ಣ, ಮುದ್ರೆ, ಗಾಡಿ ನಂಬರು, ಕೊನೆಯ ತಾರೀಕು ಇಷ್ಟು ನೋಡಿದರೆ ಅವರಿಗೆ ಸಾಕು. ಪತ್ರಕ್ಕೆ ಬಣ್ಣವೂ ಇಲ್ಲ, ಗಾಡಿ ನಂಬರೂ ಇಲ್ಲ. ಅದನ್ನು ಪರ್ಮಿಟ್ಟಿನ ಫೈಲಿನಲ್ಲೇ ಇಟ್ಟರು. ತಾರೀಕು ಕಳೆದ ಮೇಲೆ ಮಾತಿನ ನಡುವೆ ಹೇಳಿದರು: ‘ನಮ್ಮ ಹುಡುಗ ಬಳ್ಳಾರಿಂದ ಬಂದ ಮ್ಯಾಲ ಓದಿಸ್ಬೇಕಂತ ಇಟ್ಟಿದ್ದೆ ನೋಡ್ರಿ.’ ಬರೆದವರ ಕಡೆಯಲ್ಲಿ ಅವರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದುಕೊಂಡಿರಬಹುದು.

ಇಲ್ಲಿ ಎರಡು ನಷ್ಟ ಇವೆ. ಒಂದು, ಉತ್ತರ ಬರಲಿಲ್ಲ. ಇನ್ನೊಂದು ಕಣ್ಣಿಗೆ ಕಾಣದ್ದು. ತನಗೆ ಬಂದ ಪತ್ರವನ್ನು ತಾನೇ ಓದಿಕೊಳ್ಳುವ ಹಕ್ಕು ಆ ಮನುಷ್ಯನಿಗೆ ತಪ್ಪಿತು. ಪತ್ರ ಮಗನ ಕೈಗೋ ಗುಮಾಸ್ತನ ಕೈಗೋ ಹೋದರೆ, ಅವರು ಅದನ್ನು ಹೇಗೆ ಹೇಳುತ್ತಾರೋ ಹಾಗೆ ಅವರಿಗೆ ತಿಳಿಯುತ್ತದೆ. ‘ಯಾವುದೋ ಕಾಲೇಜಿಂದು ಬಂದೈತಿ, ಹುಡುಗರನ್ನ ಇಟ್ಕೋಬೇಕಂತೆ’ ಎಂದರೆ ಕೋರಿಕೆ ಅಪ್ಪಣೆಯಾಗಿಬಿಡುತ್ತದೆ. ತಪ್ಪಿನ ಪೆಟ್ಟು ಎರಡು ಕಡೆಯೂ ಸಮನಾಗಿಲ್ಲದಿರುವಾಗ, ದೂರು ಹೇಳಲಾರದವರ ಕಡೆಗೆ ವಾಲುವುದು ನ್ಯಾಯ. ನನ್ನ ಮೊದಲ ಪತ್ರ ಕನ್ನಡದಲ್ಲಿರುವುದಕ್ಕೆ ಇದೇ ಆಧಾರ.

ಕಾನೂನಿನ ಮಾತನ್ನು ಇಲ್ಲಿ ಬೆರೆಸಬಾರದು ಎಂದು ನನಗನ್ನಿಸುತ್ತದೆ. ರಾಜ್ಯಭಾಷಾ ಅಧಿನಿಯಮ 1963ರಷ್ಟು ಹಳೆಯದು. ಸರ್ಕಾರ ಜನರಿಗೆ ಕನ್ನಡದಲ್ಲಿ ಬರೆಯಬೇಕಾದದ್ದು ಅದರ ಕರ್ತವ್ಯ. ಬೇರೊಂದು ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾದ ಮೇಲೆ ಅಂಗಡಿಗಳ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು. ಬೋರ್ಡು ಬೀದಿಯಲ್ಲಿ ಹೋಗುವ ಎಲ್ಲರನ್ನೂ ಕುರಿತದ್ದು, ಅದಕ್ಕೆ ಇಷ್ಟು ಪಾಲು ಎಂದು ಗೊತ್ತುಮಾಡಬಹುದು. ಪತ್ರ ಒಬ್ಬರನ್ನು ಕುರಿತದ್ದು. ಅದರಲ್ಲಿ ಅರವತ್ತು ನಲವತ್ತು ಎನ್ನುವ ಪಾಲಿಲ್ಲ. ಓದುವವರಿಗೆ ಪೂರ್ತಿ ತಿಳಿಯಬೇಕು, ಇಲ್ಲದಿದ್ದರೆ ಬರೆದೂ ಉಪಯೋಗವಿಲ್ಲ.

ಕನ್ನಡ ಎಂದು ನಿರ್ಧರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ಕನ್ನಡ ಎನ್ನುವುದು ಇನ್ನೂ ಕಷ್ಟದ್ದು. ನಮ್ಮ ಕಡೆಯ ಕಚೇರಿಗಳಲ್ಲಿ ಉಳಿದುಕೊಂಡ ಒಂದು ಮಾದರಿ ಇದೆ. ಅದರ ಪ್ರಕಾರ ನನ್ನ ಪತ್ರ ಹೀಗಿರುತ್ತದೆ:

‘ಮಾನ್ಯರೇ, ವಿಷಯ: ಪದವಿ ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ತರಬೇತಿ ಕಲ್ಪಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಮಹಾವಿದ್ಯಾಲಯದ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ತಮ್ಮ ಸಂಸ್ಥೆಯಲ್ಲಿ ನಾಲ್ಕು ವಾರಗಳ ಅವಧಿಯ ಪ್ರಾಯೋಗಿಕ ತರಬೇತಿಗೆ ಅವಕಾಶ ಕಲ್ಪಿಸಿಕೊಡುವಂತೆ ಈ ಮೂಲಕ ಕೋರಲಾಗಿದೆ. ಸದರಿ ವಿಷಯದಲ್ಲಿ ಅಗತ್ಯ ಕ್ರಮ ಕೈಗೊಂಡು ಏಳು ದಿನಗಳೊಳಗಾಗಿ ತಿಳಿಸುವುದು.’

ಇದರಲ್ಲಿ ಒಂದೂ ಇಂಗ್ಲಿಷ್ ಪದವಿಲ್ಲ, ವ್ಯಾಕರಣ ದೋಷವಿಲ್ಲ. ಆದರೂ ಇದನ್ನು ಹಂಪಿಯ ಹೋಂಸ್ಟೇ ನಡೆಸುವ ಹೆಂಗಸಿನ ಕೈಗೆ ಕೊಟ್ಟರೆ ಆಕೆ ಮೊದಲು ಕೇಳುವುದು ‘ಏನ್ ನೋಟಿಸ್ರಿ ಇದು?’ ಎಂದು. ಆ ಪ್ರಶ್ನೆಗೆ ಹಿನ್ನೆಲೆ ಇದೆ. ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ನಿರ್ವಹಣೆಗೆಂದೇ ಒಂದು ಪ್ರಾಧಿಕಾರ ಇದೆ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಲಾಯಿತು. ಅದು ಸರಿಯೇ ತಪ್ಪೇ ಎನ್ನುವುದು ಇಲ್ಲಿಯ ಚರ್ಚೆಯಲ್ಲ. ಅಲ್ಲಿ ವ್ಯಾಪಾರ ಮಾಡುವವರ ಪಾಲಿಗೆ ‘ಸದರಿ’, ‘ಈ ಮೂಲಕ’, ‘ಕ್ರಮ’ ಎನ್ನುವ ಪದಗಳು ಯಾವ ಕಾಗದದಲ್ಲಿ ಬರುತ್ತವೆ ಎನ್ನುವುದಷ್ಟೇ ನನಗೆ ಮುಖ್ಯ. ಇಂಗ್ಲಿಷ್ ಅವರಿಗೆ ಗಿರಾಕಿಯ ಭಾಷೆ. ರೂಮಿನ ಬಾಡಿಗೆ, ಬಿಸಿನೀರು, ಬಸ್ಸಿನ ಹೊತ್ತು ಇಷ್ಟನ್ನು ವಿದೇಶಿಯರ ಜೊತೆ ಸರಾಗವಾಗಿ ಮಾತಾಡುತ್ತಾರೆ. ಕಚೇರಿ ಕನ್ನಡ ಅವರಿಗೆ ಅಧಿಕಾರದ ಭಾಷೆ. ಈ ಎರಡರ ನಡುವೆ ನೆರೆಹೊರೆಯ ಭಾಷೆಯೊಂದಿದೆ, ಪತ್ರ ಬರಬೇಕಾದದ್ದು ಅದರಲ್ಲಿ.

ಕಚೇರಿ ಕನ್ನಡದಲ್ಲಿ ನನಗೆ ಆಕ್ಷೇಪವಿರುವುದು ಅದು ಕಷ್ಟ ಎಂಬ ಕಾರಣಕ್ಕಲ್ಲ. ಅದು ನನ್ನದಲ್ಲದ ಅಧಿಕಾರವನ್ನು ನನಗೆ ತೊಡಿಸುತ್ತದೆ. ‘ಕೋರಲಾಗಿದೆ’ ಎಂದಾಗ ಕೋರಿದವರು ಯಾರೆಂದು ಗೊತ್ತಾಗುವುದಿಲ್ಲ. ಕೋರಿದವರು ಕಾಣದಿದ್ದರೆ ಇಲ್ಲ ಎಂದು ಹೇಳುವುದು ಯಾರಿಗೆ? ‘ತಿಳಿಸುವುದು’ ಎನ್ನುವುದು ಕೇಳಿಕೆಯಲ್ಲ, ಅಪ್ಪಣೆ. ಒಂದು ಕಾಲೇಜಿನ ಮೇಷ್ಟ್ರಿಗೆ ಅಂಗಡಿಯವರ ಮೇಲೆ ಅಪ್ಪಣೆ ಮಾಡುವ ಯಾವ ಹಕ್ಕೂ ಇಲ್ಲ. ಭಯದಿಂದ ಒಪ್ಪಿಕೊಂಡವರ ಒಪ್ಪಿಗೆ ಒಪ್ಪಿಗೆಯಲ್ಲ. ನಮ್ಮ ಹುಡುಗರು ಹೋದಾಗ ಅವರಿಗೆ ಒಂದು ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಲೆಕ್ಕದ ಪುಸ್ತಕ ಒಳಗಿಟ್ಟುಬಿಡುತ್ತಾರೆ.

ಹಾಗಾಗಿ ನಾನು ಬರೆಯುವುದು ಹೀಗೆ:

‘ನಮಸ್ಕಾರ. ನಾನು ಹೊಸಪೇಟೆಯ ಕಾಲೇಜಿನಲ್ಲಿ ಬಿ.ಕಾಂ. ಪಾಠ ಮಾಡುತ್ತೇನೆ. ನಮ್ಮ ಇಬ್ಬರು ವಿದ್ಯಾರ್ಥಿಗಳು ನಾಲ್ಕು ವಾರ ನಿಮ್ಮಲ್ಲಿ ಲೆಕ್ಕ ಬರೆಯುವ ಕೆಲಸ ಕಲಿಯಬಹುದೇ ಎಂದು ಕೇಳಲು ಈ ಪತ್ರ. ಜೂನ್ 2ರಿಂದ ಜೂನ್ 28ರವರೆಗೆ, ಭಾನುವಾರ ಬಿಟ್ಟು, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಬರುತ್ತಾರೆ. ಸಂಬಳ ಕೊಡಬೇಕಾಗಿಲ್ಲ. ಬಿಲ್ಲು ಜೋಡಿಸುವುದು, ಸ್ಟಾಕ್ ಬರೆಯುವುದು, ಟ್ಯಾಲಿಯಲ್ಲಿ ಎಂಟ್ರಿ ಮಾಡುವುದು ಅವರಿಗೆ ಬರುತ್ತದೆ. ನಿಮ್ಮ ಲೆಕ್ಕದ ಯಾವ ಕಾಗದವೂ, ಫೋಟೊ ಕೂಡ, ಕಾಲೇಜಿಗೆ ಬರುವುದಿಲ್ಲ. ಈ ವರ್ಷ ಆಗುವುದಿಲ್ಲ ಎಂದಾದರೆ ಅಷ್ಟೇ ಹೇಳಿದರೆ ಸಾಕು, ಕಾರಣ ಬೇಕಿಲ್ಲ.’

ಇದರಲ್ಲಿ ಇಂಗ್ಲಿಷ್ ಪದಗಳಿವೆ: ಬಿಲ್ಲು, ಸ್ಟಾಕ್, ಟ್ಯಾಲಿ, ಎಂಟ್ರಿ. ಇವು ಆ ಅಂಗಡಿಯಲ್ಲಿ ದಿನವೂ ಬಾಯಲ್ಲಿ ಬರುವ ಪದಗಳು, ಆದ್ದರಿಂದ ಆ ಮಟ್ಟಿಗೆ ಕನ್ನಡದವೇ. ‘ದಾಸ್ತಾನು ವಹಿ’ ಎಂದು ಬರೆದರೆ ಅದು ಯಾವುದೋ ಇಲಾಖೆಯ ತಪಾಸಣೆಯಂತೆ ಕೇಳಿಸುತ್ತದೆ. ಹಾಗೆಂದು ಇರುವ ಕನ್ನಡ ಪದವನ್ನು ಬಿಡುವುದೂ ಇಲ್ಲ. ಉದ್ರಿ, ಬಾಕಿ, ಮುಂಗಡ, ರಸೀದಿ, ಲೆಕ್ಕ ಇವುಗಳ ಜಾಗಕ್ಕೆ ಇಂಗ್ಲಿಷ್ ತರುವ ಅಗತ್ಯವೇ ಇಲ್ಲ. ಆಯ್ಕೆಯ ಅಳತೆ ಪದದ ಮೂಲವಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಅದು ಬಳಕೆಯಲ್ಲಿದೆಯೇ ಎನ್ನುವುದು. ಗಮನಿಸಿ, ಲೆಕ್ಕದ ಕಾಗದದ ಬಗೆಗಿನ ಸಾಲು ಬಹಳ ಮುಖ್ಯವಾದದ್ದು. ಹೊರಗಿನ ಹುಡುಗರು ನಮ್ಮ ಲೆಕ್ಕ ನೋಡುತ್ತಾರೆ ಎನ್ನುವುದೇ ವ್ಯಾಪಾರಸ್ಥರ ದೊಡ್ಡ ಅಳುಕು. ಕಚೇರಿ ಮಾದರಿಯಲ್ಲಿ ಆ ಅಳುಕಿಗೆ ಜಾಗವೇ ಇಲ್ಲ, ಏಕೆಂದರೆ ಆ ಭಾಷೆ ಎದುರಿನವರ ಮನಸ್ಸಿನಲ್ಲಿ ಏನಿರಬಹುದು ಎಂದು ಯೋಚಿಸುವುದೇ ಇಲ್ಲ.

ಸರಳವಾಗಿರಲಿ ಎಂದು ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ‘ನಮ್ ಹುಡುಗ್ರನ್ನ ಇಟ್ಕೋತೀರೇನ್ರಿ’ ಎಂದು ಆಡುಮಾತಿನಲ್ಲೇ ಬರೆದರೆ ಆಪ್ತವಾಗುತ್ತದಲ್ಲ ಎನ್ನುತ್ತಾರೆ ನನ್ನ ವಿದ್ಯಾರ್ಥಿಗಳು. ಗುರುತಿನವರ ನಡುವೆ ಆದೀತು. ಅಪರಿಚಿತರು ನಮ್ಮ ಆಡುಮಾತನ್ನು ಕಾಗದದ ಮೇಲೆ ಬರೆದು ಕಳಿಸಿದರೆ ಅಣಕಿಸಿದಂತೆ ಕೇಳುತ್ತದೆ. ಇವನಿಗೆ ಬರಹದ ಕನ್ನಡ ತಿಳಿಯಲಿಕ್ಕಿಲ್ಲ ಎಂದು ಎಣಿಸಿದ್ದಾರೆ ಎನ್ನಿಸಬಹುದು. ಪತ್ರಿಕೆ ಓದುವ ಮನುಷ್ಯನಿಗೆ ಪತ್ರಿಕೆಯ ಕನ್ನಡದಲ್ಲಿ ಬರೆಯುವುದೇ ಮರ್ಯಾದೆ.

ಸಂಬೋಧನೆಯಲ್ಲೂ ಇದೇ ಎಚ್ಚರ ಬೇಕು. ಮಾತಿನಲ್ಲಿ ನಾವು ಸಾಹುಕಾರ್ರು, ಧಣಿ, ಶೆಟ್ರು, ಗೌಡ್ರು ಎನ್ನುತ್ತೇವೆ. ಪತ್ರದಲ್ಲಿ ಇವು ಹೊಗಳಿಕೆಯೋ ಜಾತಿಯ ಗುರುತೋ ಆಗಿಬಿಡುತ್ತವೆ. ಹೆಸರು ಬರೆದು ‘ಅವರಿಗೆ’ ಎಂದರೆ ಸಾಕು. ಕಂದಾಯ ಕಚೇರಿಯ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಬರುತ್ತದೆ. ವಿಳಾಸದ ಪಟ್ಟಿಯನ್ನು ಅಂಥ ಕಾಗದದಿಂದ ಎತ್ತಿಕೊಂಡವರು ಪತ್ರದಲ್ಲೂ ಹಾಗೇ ಬರೆದುಬಿಡುತ್ತಾರೆ. ವ್ಯಾಪಾರ ಆಕೆಯದು, ಪತ್ರದಲ್ಲಿ ಗಂಡನ ಹೆಸರು ಯಾಕೆ? ‘ತಾವು’ ಹಿರಿಯರಿಗೆ ಒಪ್ಪುತ್ತದೆ. ಇಪ್ಪತ್ತೆಂಟರ ಹುಡುಗಿ ಬೇಕರಿ ತೆರೆದಿದ್ದರೆ ಆಕೆಗೆ ‘ತಾವು’ ಎಂದರೆ ದೂರ ಸರಿದು ನಿಂತಂತೆ. ‘ನೀವು’ ಎನ್ನುವುದರಲ್ಲಿ ಗೌರವಕ್ಕೆ ಏನೂ ಕೊರತೆಯಿಲ್ಲ.

ಈಗ ಕಂಪ್ಲಿಯ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡೋಣ. ಒಂದು ಅಕ್ಕಿ ಗಿರಣಿಯ ಮಾಲೀಕರು, ಮನೆಮಾತು ತೆಲುಗು, ಫೋನಿನಲ್ಲಿ ಚೆಂದದ ಕನ್ನಡ. ಇವರಿಗೆ ಪತ್ರ ಯಾವ ಭಾಷೆಯಲ್ಲಿ ಎಂದು ಕೇಳಿಯೇ ತಿಳಿಯಬೇಕು. ಆದರೆ ‘ಕನ್ನಡ ಓದೋಕೆ ಬರುತ್ತಾ?’ ಎಂದು ಕೇಳಿದರೆ ಪರೀಕ್ಷೆ ಮಾಡಿದಂತಾಗುತ್ತದೆ. ಎಪ್ಪತ್ತು ವರ್ಷದ ಹಿಂದೆ ಗಡಿ ಎಳೆದ ಈ ಸೀಮೆಯಲ್ಲಿ ಆ ಪ್ರಶ್ನೆಗೆ ಇನ್ನೂ ಮೊನಚಾದ ಅರ್ಥ ಬರಬಹುದು. ನಾನು ಕೇಳುವುದು: ‘ಕನ್ನಡದಾಗ ಕಳಿಸಲೋ, ಇಂಗ್ಲಿಷಿನಾಗೋ, ಇಲ್ಲಾ ಫೋನಿನಾಗೇ ಹೇಳಿಬಿಡಲೋ?’ ಮೂರೂ ಸಮಾನ ಮರ್ಯಾದೆಯ ಆಯ್ಕೆಗಳು, ಯಾವುದನ್ನು ಆರಿಸಿದರೂ ಇನ್ನೊಂದು ಬರುವುದಿಲ್ಲ ಎಂದು ಒಪ್ಪಿಕೊಂಡಂತಾಗುವುದಿಲ್ಲ. ಅವರು ಹೇಳಿದ್ದು, ‘ಯಾವುದಾದ್ರೂ ಕಳಿಸ್ರಿ, ನಮ್ಮ ಗುಮಾಸ್ತರು ನೋಡ್ತಾರೆ.’

ಈ ಉತ್ತರದಲ್ಲಿ ಬೇಕಾದ ಮಾಹಿತಿ ಪೂರ್ತಿ ಇದೆ. ಪತ್ರವನ್ನು ಅವರು ಓದುವುದಿಲ್ಲ, ಕೇಳುತ್ತಾರೆ. ಗುಮಾಸ್ತರು ಗಟ್ಟಿಯಾಗಿ ಓದುತ್ತಾರೆ, ಹಮಾಲರ ಮಾತು, ಗಿರಣಿಯ ಸದ್ದಿನ ನಡುವೆ ಇವರು ಕಿವಿಗೊಡುತ್ತಾರೆ. ಹಾಗಾದರೆ ಪತ್ರವನ್ನು ಕಿವಿಗೆ ಬರೆಯಬೇಕು. ‘ಕಲ್ಪಿಸಿಕೊಡುವಂತೆ ಕೋರಿಕೊಳ್ಳಲಾಗಿರುವ’ ಎಂದು ಕ್ರಿಯಾಪದ ಸಾಲಿನ ಕೊನೆಯವರೆಗೆ ಕಾಯಿಸಿದರೆ, ಕೇಳುವವರು ಆರಂಭವನ್ನು ಮರೆತಿರುತ್ತಾರೆ. ಯಾರು, ಏನು, ಯಾವಾಗಿಂದ ಯಾವಾಗಿನವರೆಗೆ, ದುಡ್ಡಿನ ಮಾತು ಏನು ಎಂಬ ಒಂದೊಂದಕ್ಕೂ ಒಂದೊಂದು ಗಿಡ್ಡ ವಾಕ್ಯ ಇರಬೇಕು. ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು, ಉಸಿರು ಸಾಲದ ಕಡೆ ವಾಕ್ಯ ಮುರಿಯಬೇಕು. ಇದು ಕಂಪ್ಲಿಗೆ ಮಾತ್ರವಲ್ಲ. ನಮ್ಮ ಕಡೆ ಅಂಗಡಿಗೆ ಬರುವ ಪತ್ರಗಳು ಒಬ್ಬರೇ ಕೂತು ಓದುವಂಥವಾಗಿ ಉಳಿಯುವುದು ಕಡಿಮೆ, ಅಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಒಬ್ಬರಿಗೆ ಮಾತ್ರ ಹೇಳಬೇಕಾದ ಮಾತು, ಉದಾಹರಣೆಗೆ ಬಾಕಿಯ ಮಾತು, ಪತ್ರದಲ್ಲಿ ಇರದೆ ಫೋನಿನಲ್ಲಿರುವುದು ಒಳ್ಳೆಯದು.

ವಾಟ್ಸಾಪ್ ಬಂದ ಮೇಲೆ ಮೂರನೆಯ ದಾರಿಯೂ ಒಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ, ಕನ್ನಡ ಮಾತಾಡುವ ಮಾರವಾಡಿ ಹುಡುಗನಿಗೆ ಅದೇ ಸಲೀಸು. ಅವನ ತಂದೆಗೆ ಅದು ಮೂರು ಪಟ್ಟು ಕಷ್ಟ. ಹಾಗಾಗಿ ಅದು ಗೊತ್ತಿರುವವರಿಗೆ ಮಾತ್ರ, ಅದೂ ‘ಹುಡುಗರು ನಾಳೆ ಬರ್ತಾರೆ’ ಎನ್ನುವಂಥ ಚಿಕ್ಕ ಮಾತಿಗೆ ಮಾತ್ರ. ಧ್ವನಿ ಸಂದೇಶ ಅದಕ್ಕಿಂತ ಮೇಲು. ಮಾತಾಡುವ ಭಾಷೆ ಒಂದೇ ಆಗಿದ್ದು ಲಿಪಿ ಮಾತ್ರ ಬೇರೆಯಾದಾಗ, ಲಿಪಿಯನ್ನೇ ಬದಿಗಿಡುವುದು ಸರಳವಾದ ದಾರಿ.

ಹಾಗಾದರೆ ಇಂಗ್ಲಿಷಿಗೆ ಜಾಗವೇ ಇಲ್ಲವೇ? ಇದೆ. ಪತ್ರಕ್ಕೆ ಮೂರನೆಯ ಓದುಗರಿದ್ದಾಗ. ಹೋಟೆಲಿನ ಮ್ಯಾನೇಜರು ನನ್ನ ಪತ್ರವನ್ನು ಬೇರೆ ರಾಜ್ಯದಲ್ಲಿರುವ ಹೆಡ್ ಆಫೀಸಿಗೆ ಕಳಿಸಬೇಕಿದ್ದರೆ ಅಲ್ಲಿ ಕನ್ನಡ ಓದುವವರಿಲ್ಲ. ಆಗ ನಾನು ಕನ್ನಡದಲ್ಲೇ ಬರೆದರೆ ಅನುವಾದದ ಹೊರೆ ಆ ಮ್ಯಾನೇಜರ ತಲೆಗೆ ಬೀಳುತ್ತದೆ. ಕೇಳುತ್ತಿರುವವನು ನಾನು, ಹೊರೆ ಹೊರಬೇಕಾದವನೂ ನಾನೇ. ಅಂಥ ಕಡೆಗೆ ಇಂಗ್ಲಿಷ್ ಪತ್ರ, ಜೊತೆಗೆ ಮ್ಯಾನೇಜರಿಗೆ ಎರಡು ಸಾಲಿನ ಕನ್ನಡ.

ಎರಡು ಭಾಷೆಯಲ್ಲೂ ಬರೆದುಬಿಟ್ಟರೆ ತೊಂದರೆಯೇ ಇಲ್ಲವಲ್ಲ ಎನ್ನಬಹುದು. ತೊಂದರೆ ಇದೆ. ಒಮ್ಮೆ ಕಚೇರಿಯ ಇಂಗ್ಲಿಷ್ ಮಾದರಿಯಲ್ಲಿ ‘20 ಕೆಲಸದ ದಿನಗಳು’ ಎಂದಿತ್ತು, ಕನ್ನಡದಲ್ಲಿ ‘ನಾಲ್ಕು ವಾರ’. ಕಾಲೇಜಿನ ಲೆಕ್ಕದಲ್ಲಿ ವಾರಕ್ಕೆ ಐದು ದಿನ, ಎರಡೂ ಒಂದೇ. ಶನಿವಾರವೂ ತೆರೆದಿರುವ ಅಂಗಡಿಯವರ ಲೆಕ್ಕದಲ್ಲಿ ನಾಲ್ಕು ವಾರ ಎಂದರೆ 24 ದಿನ. ಹುಡುಗರು ಇಂಗ್ಲಿಷ್ ಓದಿ ಶನಿವಾರ ಮನೆಯಲ್ಲಿರುತ್ತಾರೆ, ಅಂಗಡಿಯವರು ಕನ್ನಡ ಓದಿ ಕಾಯುತ್ತಾರೆ. ಇಬ್ಬರೂ ಸುಳ್ಳುಗಾರರಲ್ಲ. ಎರಡು ಭಾಷೆಯಲ್ಲಿ ಬರೆಯುವವರು ತಾರೀಕು, ದುಡ್ಡು, ದಿನದ ಲೆಕ್ಕ ಇವನ್ನು ಎರಡೂ ಕಡೆ ಅಂಕಿಯಲ್ಲಿ ಬರೆದು ತಾಳೆ ನೋಡಬೇಕು. ಒಪ್ಪಂದದಂಥ ಕಾಗದವಾದರೆ ಯಾವ ಭಾಷೆಯ ಪಾಠ ಅಂತಿಮ ಎಂದೂ ಬರೆಯಬೇಕು. ಹೆಸರಿನದೂ ಒಂದು ಸಣ್ಣ ಎಚ್ಚರ. 2014ರ ನವೆಂಬರ್ 1ರಂದು ಹೊಸಪೇಟೆ, ಬಳ್ಳಾರಿಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಕನ್ನಡದಲ್ಲಿ ಬದಲಾಗುವಂಥದ್ದೇನೂ ಇರಲಿಲ್ಲ. ಆದರೆ ಹಳೆಯ ಸಂಸ್ಥೆಗಳ ನೋಂದಾಯಿತ ಹೆಸರಿನಲ್ಲಿ ‘ಹಾಸ್ಪೆಟ್’ ಇವತ್ತಿಗೂ ಇರಬಹುದು. ಅವರ ಹೆಸರನ್ನು ನಾವು ತಿದ್ದಲು ಹೋಗಬಾರದು, ಅವರ ಬಿಲ್ಲಿನಲ್ಲಿ ಹೇಗಿದೆಯೋ ಹಾಗೆ.

ಇಷ್ಟೆಲ್ಲ ಲೆಕ್ಕಾಚಾರ ಒಂದು ಕೋರಿಕೆಯ ಪತ್ರಕ್ಕೆ ಬೇಕೇ ಎಂದು ಕೇಳಬಹುದು. ಒಪ್ಪಿಗೆ ಪಡೆಯುವುದೊಂದೇ ಉದ್ದೇಶವಾದರೆ ಬೇಡ. ಗತ್ತಿನ ಇಂಗ್ಲಿಷಿಗೂ ನೋಟಿಸಿನ ಕನ್ನಡಕ್ಕೂ ಹೆದರಿ ‘ಹೂಂ’ ಎನ್ನುವವರು ಸಿಗುತ್ತಾರೆ. ಪತ್ರದ ಭಾಷೆ ಸರಿಯಾಗಿದೆಯೇ ಎಂದು ತಿಳಿಯಲು ನಾನು ಒಪ್ಪಿಗೆಗಳನ್ನು ಎಣಿಸುವುದಿಲ್ಲ, ನಿರಾಕರಣೆಗಳನ್ನು ಓದುತ್ತೇನೆ. ಮೌನ ಬಂದರೆ ಭಾಷೆ ಎಲ್ಲೋ ಅಡ್ಡ ಬಂದಿರಬಹುದು. ‘ನೋಡೋಣ’ ಬಂದರೂ ಅನುಮಾನವೇ. ಹಂಪಿಯ ಆ ಹೋಂಸ್ಟೇಯಿಂದ ಬಂದ ಉತ್ತರ ಬೇರೆ ಥರದ್ದು: ‘ಜೂನ್‌ನಾಗ ಆಗಲ್ರಿ ಸರ್. ಮಳಿಗಾಲದಾಗ ನಮ್ಮಲ್ಲಿ ಗೆಸ್ಟೇ ಇರಂಗಿಲ್ಲ, ಹುಡುಗರು ಏನು ಕಲಿತಾರ? ನವೆಂಬರ್‌ನಾಗ ಕಳಿಸ್ರಿ.’

ಆ ‘ಆಗಲ್ಲ’ದಲ್ಲಿ ಕಾಲೇಜಿನ ವೇಳಾಪಟ್ಟಿಗೆ ಹೊಳೆಯದ ಒಂದು ವಿಷಯವಿತ್ತು. ಹಂಪಿಯ ವ್ಯಾಪಾರಕ್ಕೆ ತನ್ನದೇ ಋತು ಇದೆ, ನಮ್ಮ ಜೂನ್ ಅದರ ಖಾಲಿ ತಿಂಗಳು. ಇದನ್ನು ಆಕೆ ಹೇಳಿದ್ದು ಪತ್ರ ತನಗೇ ಬಂದದ್ದು ಎಂದು ಅನ್ನಿಸಿದ್ದರಿಂದ, ಎದುರು ಮಾತಾಡಿದರೆ ಏನೂ ಆಗುವುದಿಲ್ಲ ಎಂದು ತಿಳಿದಿದ್ದರಿಂದ. ಕನ್ನಡವೋ ಇಂಗ್ಲಿಷೋ ಎನ್ನುವ ಪ್ರಶ್ನೆಯನ್ನು ನಾನೀಗ ಇನ್ನೊಂದು ರೀತಿಯಲ್ಲಿ ಕೇಳಿಕೊಳ್ಳುತ್ತೇನೆ. ಈ ಮನುಷ್ಯ ಯಾವ ಭಾಷೆಯಲ್ಲಿ ನನಗೆ ನಿರಾಳವಾಗಿ ‘ಆಗಲ್ಲ’ ಎನ್ನಬಲ್ಲರು? ಅವರಿಗೆ ಬರೆಯಬೇಕಾದ ಭಾಷೆ ಅದು.